ಅಕ್ಕಿಯ ಮೇಲಿನ ಹೆಸರು, ಅಂಕಪಟ್ಟಿಯ ಹೆಸರು

ನಮ್ಮ ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿ, ನನ್ನ ಕೈಯಿಂದಲೇ ಹೆಂಡತಿಯ ಹೊಸ ಹೆಸರು ಬರೆಸಿದ್ದರು. ಅಂದಿನಿಂದ ಹಳೆಯ ಹೆಸರು ತವರಿನಲ್ಲೇ ಉಳಿಯಿತು. ಆಕೆಗೆ ಅಂಕಪಟ್ಟಿಯೂ ಇರಲಿಲ್ಲ, ನೌಕರಿಯೂ ಇರಲಿಲ್ಲ. ಹೀಗಾಗಿ ಯಾರೂ ಕೇಳಲಿಲ್ಲ.

ಸೊಸೆಯ ಕಾಲಕ್ಕೆ ಹಾಗಾಗಲಿಲ್ಲ. ನಮ್ಮ ಕಡೆ ಊರೇ ಅಡ್ಡಹೆಸರು. ಜಮಖಂಡಿಯಲ್ಲಿರುವ ನಾವು 'ಮುಧೋಳ' ಮನೆತನದವರು, ಅವಳ ತವರು 'ಬೀಳಗಿ' ಮನೆತನ. ಮದುವೆಯಾದ ಮೇಲೆ ಅವಳ ಹೆಸರಿನ ಮುಂದಿದ್ದ ಅಪ್ಪನ ಹೆಸರು ಹೋಗಿ ನನ್ನ ಮಗನ ಹೆಸರು ಬಂತು, ಬೀಳಗಿ ಹೋಗಿ ಮುಧೋಳ ಬಂತು. ಹೇಗೂ ಬ್ಯಾಂಕಿನಲ್ಲಿ ಕೆಲಸ ಮಾಡಿದವನು ನಾನು, ಕಾಗದಪತ್ರ ಬೇಗ ಸರಿ ಇರಲಿ ಎಂದು ನಾನೇ ಅವಸರ ಮಾಡಿ ಅವಳ ಆಧಾರ್ ಬದಲಿಸಿಸಿದೆ. ಅಲ್ಲಿಗೆ ಕೆಲಸ ಮುಗಿಯಿತೆಂದುಕೊಂಡೆ.

ಎರಡು ವರ್ಷದ ಮೇಲೆ ಅವಳಿಗೆ ಹುಬ್ಬಳ್ಳಿಯ ಒಂದು ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸ ಸಿಕ್ಕಿತು. ಸೇರುವ ಮೊದಲು ಕಾಗದಪತ್ರಗಳ ಪರಿಶೀಲನೆ ನಡೆಯಿತು. ಒಂದು ಸಂಜೆ ಮೊಬೈಲ್ ಹಿಡಿದು ಬಂದಳು. "ಮಾವಾರ, ಈ ಹೆಸರಿನ ವಿದ್ಯಾರ್ಥಿನೇ ಇಲ್ಲ ಅಂತ ಉತ್ತರ ಬಂದೈತ್ರಿ. ನನ್ನ ಬಿ.ಕಾಂ. ಸುಳ್ಳು ಅಂತಾರೇನ್ರಿ?" ಅವಳ ದನಿ ನಡುಗುತ್ತಿತ್ತು. ಮೂರು ದಿನದೊಳಗೆ ವಿವರಣೆ ಕೊಡಬೇಕಾಗಿತ್ತು.

ನಾವಿಬ್ಬರೂ ಕಾಗದಗಳನ್ನೆಲ್ಲ ಚಾಪೆಯ ಮೇಲೆ ಹರಡಿಕೊಂಡು ಕುಳಿತೆವು. ತಪ್ಪು ಬೇಗನೇ ಕಂಡಿತು. ರೆಸ್ಯೂಮಿನಲ್ಲಿ ಅವಳು ಬರೆದದ್ದು ಮದುವೆಯ ನಂತರದ ಹೆಸರು ಮಾತ್ರ. ಪರಿಶೀಲನೆಯವರು ಅದೇ ಹೆಸರನ್ನು ವಿಶ್ವವಿದ್ಯಾಲಯಕ್ಕೆ ಕಳಿಸಿದ್ದರು. ಅಲ್ಲಿಯ ದಾಖಲೆಯಲ್ಲಿರುವುದು ಮದುವೆಗೆ ಮೊದಲಿನ ಹೆಸರು. ಅರ್ಜಿಯಲ್ಲಿ 'ಹಿಂದಿನ ಹೆಸರು' ಎಂಬ ಅಂಕಣವೂ ಇತ್ತು. ತನಗೆ ಸಂಬಂಧವಿಲ್ಲವೆಂದು ಅದನ್ನು ಖಾಲಿ ಬಿಟ್ಟಿದ್ದಳು.

"ಹಂಗಾದ್ರ ಅಂಕಪಟ್ಟಿ ತಿದ್ದಿಸೋಣೇನ್ರಿ?" ಎಂದಳು. ಅದು ಬೇಡ ಎಂದೆ. ಅಂಕಪಟ್ಟಿ ಅಂದು ಪರೀಕ್ಷೆಗೆ ಕುಳಿತವಳ ದಾಖಲೆ, ಮದುವೆಯಾದದ್ದರಿಂದ ಅದು ತಪ್ಪಾಗುವುದಿಲ್ಲ. ಎಸ್ಸೆಸ್ಸೆಲ್ಸಿಯ ಹೆಸರು ಹಾಗೇ ಇರಲಿ. ಆ ಹೆಸರಿಗೂ ಇಂದಿನ ಆಧಾರಿಗೂ ನಡುವೆ ಒಂದು ಸೇತುವೆ ಬೇಕು, ಅಷ್ಟೇ. ಉಪನೋಂದಣಿ ಕಚೇರಿಯಲ್ಲಿ ಮಾಡಿಸುವ ವಿವಾಹ ನೋಂದಣಿ ಪತ್ರವೇ ಆ ಸೇತುವೆ. ಅದರಲ್ಲಿ ತವರಿನ ಹೆಸರೂ ಗಂಡನ ಹೆಸರೂ ಒಟ್ಟಿಗೇ ಇರುತ್ತವೆ.

ನಮ್ಮ ಸೇತುವೆಯಲ್ಲೇ ಒಂದು ಬಿರುಕಿತ್ತು. ಅಂಕಪಟ್ಟಿಯಲ್ಲಿ ಅಡ್ಡಹೆಸರು Bilagi, ವಿವಾಹ ಪತ್ರದಲ್ಲಿ Bilgi. ಒಂದು a ಮಾಯವಾಗಿತ್ತು. ಚೆಕ್ಕಿನ ಹೆಸರು ಖಾತೆಗೆ ಹೊಂದದಿದ್ದರೆ ವಾಪಸು ಕಳಿಸುತ್ತಿದ್ದ ನಾನು ಮನೆಯ ಕಾಗದವನ್ನು ಓದದೆ ಸಹಿ ಮಾಡಿದ್ದೆ!

ಮರುದಿನ ಇ-ಸ್ಟ್ಯಾಂಪ್ ಕಾಗದದ ಮೇಲೆ ನೋಟರಿಯ ಮುಂದೆ ಅಫಿಡವಿಟ್ ಮಾಡಿಸಿದೆವು. ಅಂಕಪಟ್ಟಿ, ವಿವಾಹ ಪತ್ರ, ಆಧಾರ್ ಈ ಮೂರರಲ್ಲಿರುವ ಮೂರು ಹೆಸರುಗಳನ್ನೂ ಒಂದೊಂದು ಅಕ್ಷರ ನೋಡಿ ಇದ್ದ ಹಾಗೇ ಬರೆಸಿ, ಮೂವರೂ ಒಬ್ಬಳೇ ಎಂದು ಹೇಳಿಸಿದೆವು. ಅಫಿಡವಿಟ್ಟಿನಿಂದ ಯಾವ ದಾಖಲೆಯಲ್ಲೂ ಹೆಸರು ಬದಲಾಗುವುದಿಲ್ಲ, ವ್ಯತ್ಯಾಸ ಏಕೆ ಬಂತೆಂದು ಮಾತ್ರ ಅದು ಹೇಳುತ್ತದೆ. ನಮಗೆ ಬೇಕಾದದ್ದೂ ಅಷ್ಟೇ. ಅದನ್ನು ವಿವಾಹ ಪತ್ರದ ಜೊತೆ ಕಳಿಸಿ, ಅಂಕಪಟ್ಟಿಯ ಹೆಸರಿನಲ್ಲೇ ಮತ್ತೆ ವಿಚಾರಿಸಿರೆಂದು ಕೇಳಿಕೊಂಡೆವು. ಈ ಸಲ ವಿಶ್ವವಿದ್ಯಾಲಯದ ಉತ್ತರ ಸರಿಯಾಗಿ ಬಂತು.

ಆಮೇಲೆ ರೆಸ್ಯೂಮ್ ತಿದ್ದಿದೆವು. ಮೇಲೆ ಆಧಾರಿನ ಹೆಸರು, ವಿದ್ಯಾಭ್ಯಾಸದ ಕೆಳಗೆ 'ಪ್ರಮಾಣಪತ್ರಗಳು ಈ ಹೆಸರಿನಲ್ಲಿವೆ' ಎಂದು ತವರಿನ ಹೆಸರು. ಪ್ಯಾನ್ ಇನ್ನೂ ಹಳೆಯ ಹೆಸರಿನಲ್ಲೇ ಇತ್ತು. ಅದನ್ನು ಆಧಾರಿಗೆ ಹೊಂದಿಸಿ, ನಂತರ ಬ್ಯಾಂಕ್ ಖಾತೆಯನ್ನು ಸರಿಪಡಿಸಿದೆವು. ಆಧಾರಿನಲ್ಲಿ ಹೆಸರು ಬದಲಿಸಲು ಸಾಮಾನ್ಯವಾಗಿ ಎರಡೇ ಅವಕಾಶ. ಅದಕ್ಕೇ ಅಲ್ಲಿ ಕೊಡುವ ಮೊದಲು ಕಾಗುಣಿತವನ್ನು ಎರಡು ಸಲ ಓದಬೇಕು.

ಮೊನ್ನೆ ಬನಹಟ್ಟಿಯಲ್ಲಿ ತಂಗಿಯ ಮೊಮ್ಮಗಳ ಮದುವೆ ಗೊತ್ತಾಯಿತು. ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ಹುಡುಗಿ. "ಅಜ್ಜಾ, ಹೆಸರು ಬದಲಿ ಮಾಡಾಕಬೇಕೇನು?" ಎಂದು ಕೇಳಿದಳು. ಹಾಗೆಂದು ಯಾವ ಕಾನೂನೂ ಹೇಳುವುದಿಲ್ಲವೆಂದೆ. ಅಡ್ಡಹೆಸರು ಬದಲಿಸಿದರೆ ವಿವಾಹ ಪತ್ರ ಸಾಕಾಗುತ್ತದೆ. ಅವಳ ಸ್ವಂತ ಹೆಸರನ್ನೇ ಬದಲಿಸಿದರೆ ಅದು ಸಾಲದು, ಗೆಜೆಟ್ ಪ್ರಕಟಣೆಯವರೆಗೂ ಹೋಗಬೇಕಾಗುತ್ತದೆ.

ಹಾಗಾಗಿ ಅವರ ಮನೆಯಲ್ಲಿ ಒಂದು ತೀರ್ಮಾನವಾಗಿದೆ. ಅಕ್ಕಿಯ ಮೇಲೆ ಹೆಸರು ಬರೆಯುತ್ತಾರೆ, ಆದರೆ ಬರೆಯುವುದು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಅವಳ ಹೆಸರನ್ನೇ.