ಮೂರೇ ಸಾವಿರ: ಒಂದು ರೇಡಿಯೋ ಸ್ಪಾಟಿನ ಟಿಪ್ಪಣಿಗಳು

ಸೋಮವಾರ

ದೀಪಾವಳಿಗೆಂದು ಪಾತ್ರೆ ಅಂಗಡಿಯೊಂದಕ್ಕೆ ನಾನು ಬರೆದುಕೊಟ್ಟ ಕರಪತ್ರವನ್ನೇ ಅಂಗಡಿಯವರು ರೇಡಿಯೋಗೂ ಕಳಿಸಿಬಿಟ್ಟಿದ್ದಾರೆ. ಸ್ಪಾಟ್ ಮಾಡಿಕೊಡುವ ಸ್ಟುಡಿಯೋದಿಂದ ಫೋನ್ ಬಂತು. "ಮೇಡಂ, ಇದನ್ನ ಓದೋಕಾಗಲ್ಲ, ಒಮ್ಮೆ ಬನ್ನಿ" ಎಂದರು. ಓದಲಾಗದ್ದು ಅದರಲ್ಲಿ ಏನಿದೆ? ಕಾಗುಣಿತ ಸರಿಯಿದೆ, ಮೂರು ಸಲ ಕರಡು ತಿದ್ದಿದ್ದೇನೆ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಅದೇ ಕರಪತ್ರ ಹಂಚುತ್ತಿದ್ದಾರೆ, ಜನ ನಿಂತು ಓದುತ್ತಿದ್ದಾರೆ.

ಕಾಗದದಲ್ಲಿರುವುದು ಇದು. ಅಂಗಡಿಯ ಹೆಸರಿದ್ದ ಕಡೆ ಗೆರೆ ಎಳೆದಿದ್ದೇನೆ.

"ಕಳೆದ 30 ವರ್ಷಗಳಿಂದ ಗ್ರಾಹಕರ ವಿಶ್ವಾಸಕ್ಕೆ ಪಾತ್ರವಾಗಿರುವ, ನಗರದ ಹೃದಯಭಾಗದಲ್ಲಿರುವ, ಸ್ಟೀಲ್, ಹಿತ್ತಾಳೆ, ತಾಮ್ರದ ಪಾತ್ರೆಗಳು, ಕುಕ್ಕರ್, ಮಿಕ್ಸಿ, ಗ್ರೈಂಡರ್, ಗ್ಯಾಸ್ ಸ್ಟೌವ್ ಇತ್ಯಾದಿ ಗೃಹೋಪಯೋಗಿ ವಸ್ತುಗಳ ಬೃಹತ್ ಮಳಿಗೆಯಾದ ______ನಲ್ಲಿ ದೀಪಾವಳಿ ಪ್ರಯುಕ್ತ ಆಯ್ದ ಮಿಕ್ಸಿಗಳ ಮೇಲೆ 25% ರಿಯಾಯಿತಿ*. ಹಳೆಯದನ್ನು ತನ್ನಿ, ಹೊಸದನ್ನು ಒಯ್ಯಿರಿ. ಈ ಕೊಡುಗೆ ಸೀಮಿತ ಅವಧಿಗೆ ಮಾತ್ರ." ಅದರ ಕೆಳಗೆ ಎರಡು ಸಾಲಿನ ವಿಳಾಸ, ಮೊಬೈಲ್ ನಂಬರು. ತೀರಾ ಕೆಳಗೆ, ಇರುವೆ ಗಾತ್ರದ ಅಕ್ಷರದಲ್ಲಿ, "*ಷರತ್ತುಗಳು ಅನ್ವಯ".

ಮಂಗಳವಾರ, ಸ್ಟುಡಿಯೋ

ಸ್ಟುಡಿಯೋ ನಡೆಸುವ ಹಿರಿಯರು ಏನನ್ನೂ ವಿವರಿಸಲಿಲ್ಲ. ದನಿ ಕೊಡುವ ಹುಡುಗಿಯನ್ನು ಕೂರಿಸಿ ನನ್ನ ಕಾಗದವನ್ನು ಇದ್ದಂತೆಯೇ ಓದಿಸಿದರು. ನನ್ನ ಕೈಗೆ ಸ್ಟಾಪ್‌ವಾಚ್ ಕೊಟ್ಟು, "ಅಂಗಡಿ ಹೆಸರು ಬಂದ ಕೂಡಲೇ ಒತ್ತಿ" ಎಂದರು.

ಹೆಸರು ಬಂದಾಗ 14 ಸೆಕೆಂಡ್ ಆಗಿತ್ತು. ಮುಗಿದಾಗ 41. ಸ್ಪಾಟಿಗೆ ದುಡ್ಡು ಕಟ್ಟಿರುವುದು 30ಕ್ಕೆ. ರೇಡಿಯೋದಲ್ಲಿ ಹೊತ್ತನ್ನು ಹತ್ತು ಸೆಕೆಂಡಿನ ಲೆಕ್ಕದಲ್ಲಿ ಮಾರುತ್ತಾರೆ. ಮೀರಿದ ಹನ್ನೊಂದು ಸೆಕೆಂಡಿಗೆ ಇನ್ನಷ್ಟು ದುಡ್ಡು ಕೊಡಬೇಕು, ಇಲ್ಲವೇ ಹುಡುಗಿ ಉಸಿರು ಬಿಡದೆ ಓಡಬೇಕು. ಓಡಿದಾಗಲೂ ಕೇಳಿದೆ. ತಾಮ್ರದ ಪಾತ್ರೆ "ತಾಂಪಾತ್ರೆ" ಆಯಿತು.

ಆದರೆ ನನ್ನನ್ನು ಕಾಡಿದ್ದು 41 ಅಲ್ಲ, ಆ 14. ಕಾಗದದಲ್ಲಿ ಅಂಗಡಿಯ ಹೆಸರನ್ನು ಮೊದಲೇ ನೋಡುತ್ತೇವೆ, ಏಕೆಂದರೆ ಅದನ್ನು ದಪ್ಪಕ್ಷರದಲ್ಲಿ ಕೆಂಪು ಬಣ್ಣದಲ್ಲಿ ಹಾಕಿದ್ದೇವೆ. ಕಣ್ಣು ಮೊದಲು ಅಲ್ಲಿಗೆ ಹಾರಿ, ಆಮೇಲೆ ಬೇಕಾದರೆ ಹಿಂದಿನ "ಪಾತ್ರವಾಗಿರುವ", "ಹೃದಯಭಾಗದಲ್ಲಿರುವ" ಎಲ್ಲಕ್ಕೂ ಬರುತ್ತದೆ. ಕಿವಿ ಹಾರಲಾರದು. ಯಾರು ಎಂದು ಗೊತ್ತಾಗುವ ಮೊದಲೇ ಅವರ ಮೂವತ್ತು ವರ್ಷ, ಅವರ ಹಿತ್ತಾಳೆ, ಅವರ ಗ್ರೈಂಡರ್ ಎಲ್ಲವನ್ನೂ ಹೊತ್ತು ನಿಂತಿರಬೇಕು. ಹದಿನಾಲ್ಕು ಸೆಕೆಂಡ್ ಹೊರುವವರು ಯಾರು?

ಕನ್ನಡದಲ್ಲಿ ವಿವರಣೆ ಮೊದಲು, ಹೆಸರು ಕೊನೆಗೆ. ಅದು ಭಾಷೆಯ ಜಾಯಮಾನ. ಹಾಗಾದರೆ ನಾವು ಮಾತಾಡುವಾಗ ತೊಡಕಾಗುವುದಿಲ್ಲವೇಕೆ?

ಸ್ಟುಡಿಯೋದಿಂದ ಮನೆಗೆ ನಡೆದು ಬರುವಾಗ ಕಿವಿಗೊಟ್ಟು ಬಂದೆ. ಗಾಡಿಯವನು "ಟೊಮೇಟೋ ಇಪ್ಪತ್ತು, ಟೊಮೇಟೋ ಇಪ್ಪತ್ತು" ಎನ್ನುತ್ತಿದ್ದ. ಸರಕು ಮೊದಲು, ಬೆಲೆ ಆಮೇಲೆ, ನಡುವೆ ಏನೂ ಇಲ್ಲ. ಬಸ್ ನಿಲ್ದಾಣದಲ್ಲಿ ಕಂಡಕ್ಟರ್ "ತೀರ್ಥಹಳ್ಳಿ, ತೀರ್ಥಹಳ್ಳಿ, ತೀರ್ಥಹಳ್ಳಿ" ಎಂದಷ್ಟೇ ಕೂಗಿದ. ಮಾತಾಡುವವರು ಯಾರೂ "ಹೊಂದಿರುವ" ಅನ್ನುವುದಿಲ್ಲ. "ಆ ಅಂಗಡಿ ಇದೆಯಲ್ಲ, ಸರ್ಕಲ್ ಹತ್ರ, ಅಲ್ಲಿ" ಎಂದು ಹೆಸರನ್ನು ಮುಂದಿಟ್ಟು ವಿವರವನ್ನು ತುಂಡು ತುಂಡಾಗಿ ಹಿಂದಿನಿಂದ ಕೊಡುತ್ತಾರೆ. ಉದ್ದನೆಯ "ಇರುವ" ಸರಪಳಿ ಇರುವುದು ಬರಹದ ಕನ್ನಡದಲ್ಲಿ ಮಾತ್ರ. ಇಪ್ಪತ್ತು ವರ್ಷದಿಂದ ಅದನ್ನೇ ಹೆಣೆಯುತ್ತಿದ್ದೇನೆ.

ಬುಧವಾರ

ನಿನ್ನೆಯ ರೆಕಾರ್ಡಿಂಗನ್ನು ಫೋನಿಗೆ ಹಾಕಿಸಿಕೊಂಡು ಬಂದಿದ್ದೆ. ಹಿರಿಯರು ಹೇಳಿದಂತೆ ಪಕ್ಕದ ಮನೆ ಅಕ್ಕ ಪಾತ್ರೆ ತೊಳೆಯುವಾಗ, ನಲ್ಲಿ ಬಿಟ್ಟಿರುವಾಗಲೇ, ಒಂದೇ ಸಲ ಹಾಕಿದೆ. ಹೀಗೆ ಪರೀಕ್ಷೆ ಮಾಡಬೇಕಂತೆ. ಸ್ಟುಡಿಯೋದ ದೊಡ್ಡ ಸ್ಪೀಕರಿನಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳುತ್ತದೆ, ರೇಡಿಯೋ ಇರುವುದು ಅಡುಗೆಮನೆಯಲ್ಲಿ, ಆಟೋದಲ್ಲಿ. ಮುಗಿದ ಮೇಲೆ, "ಅಕ್ಕ, ಏನು ಕೇಳಿಸ್ತು?" ಅಂದೆ.

"ಯಾವುದೋ ಪಾತ್ರೆ ಅಂಗಡಿ. ಎಪ್ಪತ್ತೈದು ಪರ್ಸೆಂಟ್ ಬಿಟ್ಟಿದಾರಂತೆ."

ಎಪ್ಪತ್ತೈದು! ಕಾಗದದಲ್ಲಿ 25 ಎಂದಿದೆ, ಹುಡುಗಿ ಇಪ್ಪತ್ತೈದು ಎಂದೇ ಓದಿದ್ದಾಳೆ. ಮತ್ತೆ ಹಾಕಿ ನಾನೂ ಕೇಳಿದೆ. ನೀರಿನ ಸದ್ದಿನಲ್ಲಿ ಮೊದಲ ಸ್ವರ ಮುಳುಗಿಹೋಗುತ್ತದೆ. ಇಪ್ಪತ್ತಕ್ಕೂ ಎಪ್ಪತ್ತಕ್ಕೂ ಇರುವ ವ್ಯತ್ಯಾಸ ಆ ಒಂದು ಸ್ವರ, ಉಳಿದದ್ದೆಲ್ಲ ಒಂದೇ. ಅಚ್ಚಿನಲ್ಲಿ 2 ಮತ್ತು 7 ಯಾವತ್ತೂ ಗಲಿಬಿಲಿಯಾಗುವುದಿಲ್ಲವಾದ್ದರಿಂದ ಇದು ನನಗೆ ಹೊಳೆದೇ ಇರಲಿಲ್ಲ. ಎಪ್ಪತ್ತೈದು ಎಂದು ಕೇಳಿಸಿಕೊಂಡು ಜನ ಬಂದು ಅಂಗಡಿಯ ಮುಂದೆ ಜಗಳ ಮಾಡಿದರೆ, ತಪ್ಪು ಅವರದಲ್ಲ.

ಗುರುವಾರ

ಎಪ್ಪತ್ತೈದರ ವಿಷಯ ಹೇಳಿದೆ. ಹಿರಿಯರು ತಲೆಯಾಡಿಸಿ, "ಆ ಮಿಕ್ಸಿ ಬೆಲೆ ಎಷ್ಟು?" ಅಂದರು. ನಾಲ್ಕು ಸಾವಿರ. "ಕಳೆದರೆ?" ಮೂರು ಸಾವಿರ. "ಹಾಗೇ ಹೇಳಿ. ಕೇಳೋರು ಲೆಕ್ಕ ಮಾಡಲ್ಲ, ನಾವೇ ಮಾಡ್ಕೊಡಬೇಕು."

"ನಾಲ್ಕು ಸಾವಿರದ ಮಿಕ್ಸಿ ಮೂರು ಸಾವಿರಕ್ಕೆ ಮಾತ್ರ" ಎಂದು ಬರೆದೆ. "ಮಾತ್ರ" ಹೊಡೆದುಹಾಕಿ "ಮೂರೇ ಸಾವಿರ" ಎಂದು ಮಾಡಿದರು. ಇದನ್ನು ಮತ್ತೆ ಮತ್ತೆ ಬಾಯಲ್ಲಿ ಹೇಳಿಕೊಂಡೆ. ಕಾಗದದಲ್ಲಿ ಒತ್ತು ಬೇಕಾದಾಗ ಅಕ್ಷರ ದಪ್ಪ ಮಾಡುತ್ತೇವೆ, ಕೆಳಗೆ ಗೆರೆ ಎಳೆಯುತ್ತೇವೆ, ಆಶ್ಚರ್ಯಸೂಚಕ ಮೂರು ಹಾಕುತ್ತೇವೆ. ಬಾಯಿಗೆ ಅದೊಂದೂ ಬೇಕಿಲ್ಲ. ಒಂದು "ಏ" ಸಾಕು. ಅದು ಒತ್ತು ಬೇಕಾದ ಪದಕ್ಕೇ ಅಂಟಿಕೊಂಡು ಬರುತ್ತದೆ, ಹೇಳುವವರು ಅಲ್ಲಿ ತಾನಾಗಿ ದನಿ ಏರಿಸುತ್ತಾರೆ. ಅದೇ ಬೆಲೆಯ ಹಿಂದೆ "ಮಾತ್ರ" ಬಂದರೆ ಬಿಲ್ಲು ಓದಿದ ಹಾಗಿರುತ್ತದೆ.

ಆಮೇಲೆ ಕೇಳಿದರು, "ಈ ಚುಕ್ಕಿ ಏನು?" ರಿಯಾಯಿತಿಯ ತಲೆಯ ಮೇಲಿನ ನಕ್ಷತ್ರ. ಷರತ್ತು ಏನೆಂದು ನನಗೂ ಗೊತ್ತಿರಲಿಲ್ಲ. ಎಷ್ಟೋ ಕರಪತ್ರಗಳಿಗೆ ಕೇಳದೆಯೇ ಹಾಕಿದ್ದೇನೆ. ಅಂಗಡಿಯವರಿಗೆ ಫೋನ್ ಮಾಡಿದರೆ, ಹಳೆಯ ಮಿಕ್ಸಿ ಕೊಟ್ಟವರಿಗಷ್ಟೇ ಈ ಬೆಲೆ ಎಂದರು. ಕರಪತ್ರದಲ್ಲಿ ಇವು ಎರಡು ಬೇರೆ ಬೇರೆ ಕೊಡುಗೆಗಳಂತೆ ಕಾಣುತ್ತವೆ.

ನಕ್ಷತ್ರಕ್ಕೆ ಸದ್ದಿಲ್ಲ. ಸ್ಪಾಟಿನ ಕೊನೆಗೆ ಗಡಗಡನೆ "ಷರತ್ತುಗಳು ಅನ್ವಯ" ಎಂದು ಓದಿಸುವುದುಂಟು, ಆದರೆ ಮೂರು ಸಾವಿರ ಎಂದು ಕೇಳಿದ ಮೇಲೆ ಯಾರ ಕಿವಿಯೂ ಅಲ್ಲಿಯವರೆಗೆ ಇರುವುದಿಲ್ಲ. ಹಾಗಾಗಿ ಷರತ್ತು ಬೆಲೆಗಿಂತ ಮೊದಲು ಬಂತು: "ಹಳೇ ಮಿಕ್ಸಿ ಕೊಟ್ಟರೆ, ನಾಲ್ಕು ಸಾವಿರದ ಹೊಸ ಮಿಕ್ಸಿ ಮೂರೇ ಸಾವಿರಕ್ಕೆ."

ಇಲ್ಲಿ ನನಗೆ ಗೊಂದಲ. ಮೊನ್ನೆ ವಿವರಣೆ ಮೊದಲು ಬಂದದ್ದೇ ತಪ್ಪು ಅಂದುಕೊಂಡೆ. ಇವತ್ತು ಷರತ್ತು ಮೊದಲು ಬಂದದ್ದೇ ಸರಿ ಅನ್ನಿಸುತ್ತಿದೆ. ಎರಡರಲ್ಲೂ ಮುಖ್ಯ ಮಾತು ಕೊನೆಗೇ ಇದೆಯಲ್ಲ? ರಾತ್ರಿ ಎರಡನ್ನೂ ಗಟ್ಟಿಯಾಗಿ ಓದಿ ನೋಡಿದೆ. "ಕೊಟ್ಟರೆ" ಎಂದ ಕೂಡಲೇ ಕಿವಿ "ಏನಾಗುತ್ತೆ?" ಎಂದು ಕಾಯುತ್ತದೆ, ಮುಂದೆ ಉತ್ತರ ಬರುತ್ತದೆಂದು ಅದಕ್ಕೆ ಗೊತ್ತು. "ಪಾತ್ರವಾಗಿರುವ" ಎಂದಾಗ ಏನು ಬರುತ್ತದೋ ಗೊತ್ತಿಲ್ಲ, ಇನ್ನೊಂದು "ಇರುವ" ಬರಬಹುದು, ಅದರ ಹಿಂದೆ ಮತ್ತೊಂದು. ಮೊದಲನೆಯದರಲ್ಲಿ ಎರಡು ಮೂರು ಸೆಕೆಂಡಿನ ಕಾಯುವಿಕೆ, ಎರಡನೆಯದರಲ್ಲಿ ಎಷ್ಟೆಂದು ತಿಳಿಯದ ಕಾಯುವಿಕೆ. ಕಾರಣ ಇದೇ ಇರಬೇಕು.

ಶುಕ್ರವಾರ

ಮೊಬೈಲ್ ನಂಬರಿನ ಜಗಳ. ಅಂಗಡಿಯವರು ಸ್ಟುಡಿಯೋಗೇ ಬಂದರು. "ನಂಬರ್ ಇಲ್ಲದ ಜಾಹೀರಾತು ನಾನೆಲ್ಲೂ ನೋಡಿಲ್ಲ" ಎಂದರು. ನೋಡಿಲ್ಲ ನಿಜ. ಹಿರಿಯರು ಹತ್ತು ಅಂಕಿ ಓದಿಸಿ ತೋರಿಸಿದರು. ಸುಮಾರು ಐದು ಸೆಕೆಂಡ್ ಬೇಕು. ಒಂದೇ ಸಲ ಹೇಳಿದರೆ ಬರೆದುಕೊಳ್ಳಲಾಗದು, ಎರಡು ಸಲ ಹೇಳಿದರೆ ಸ್ಪಾಟಿನ ಮೂರನೇ ಒಂದು ಭಾಗ ಅಂಕಿಗೇ ಹೋಯಿತು. ಮಿಕ್ಸಿ ಹೊತ್ತು ಅಂಗಡಿಗೇ ಬರಬೇಕಾದವರಿಗೆ ಫೋನ್ ಯಾಕೆ? ಬರುವವರಿಗೆ ದಾರಿ ಬೇಕು. ವಿಳಾಸದ ಎರಡು ಸಾಲು ಹೋಗಿ "ಗಾಂಧಿ ಬಜಾರು, ಒಳಗೆ ಬರ್ತಿದ್ದ ಹಾಗೇ ಎಡಗಡೆ" ಬಂತು. ಪಾಪ, ಅವರು ಅರೆಮನಸ್ಸಿನಿಂದ ಒಪ್ಪಿದರು. ಹೆಸರು ಮಾತ್ರ ಮೂರು ಸಲ ಬರಬೇಕೆಂದು ಹಟ ಹಿಡಿದರು, ಅದು ನ್ಯಾಯವೇ.

ಸ್ಟೀಲು, ಹಿತ್ತಾಳೆ, ತಾಮ್ರ, ಸ್ಟೌವ್ ಎಲ್ಲವೂ ಹೋದವು. ಅದು ನನಗೆ ನೋವಿನ ಕೆಲಸ, ಕರಪತ್ರದಲ್ಲಿ ಅವಕ್ಕೆಲ್ಲ ಪುಟ್ಟ ಚಿತ್ರ ಹಾಕಿದ್ದೆ. ಆದರೆ ಕಿವಿಯಲ್ಲಿ ಒಂದು ಪಟ್ಟಿ ಸಾಗಿಹೋದರೆ ಉಳಿಯುವುದು "ಏನೇನೋ ಸಾಮಾನು" ಎಂಬುದಷ್ಟೇ. ಒಂದು ಸ್ಪಾಟಿಗೆ ಒಂದು ಮಿಕ್ಸಿ ಸಾಕು.

ಗಂಡ ಹೆಂಡತಿ ಸಂಭಾಷಣೆ ಮಾಡೋಣವೇ ಎಂದು ಅಂಗಡಿಯವರು ಕೇಳಿದ್ದಕ್ಕೆ ಹಿರಿಯರು ಬೇಡವೆಂದರು. ಮನೆಯಲ್ಲಿ ಯಾವ ಹೆಂಡತಿಯೂ ಗಂಡನಿಗೆ ಅಂಗಡಿಯ ವಿಳಾಸ ಒಪ್ಪಿಸುವುದಿಲ್ಲ. ಅದೂ ಕರಪತ್ರವೇ, ಎರಡು ಬಾಯಿಗೆ ಹಂಚಿದ್ದು. ನನಗೂ ಹಾಗೇ ಅನ್ನಿಸಿತು.

ಕೊನೆಗೆ ಉಳಿದದ್ದು:

(ಮಿಕ್ಸಿ ಗುರ್ರೆಂದು ಓಡಿ, ಕಟಕಟ ಎಂದು ನಿಲ್ಲುತ್ತದೆ. ಮೂರು ಸೆಕೆಂಡ್.)
ಮಿಕ್ಸಿ ಮತ್ತೆ ನಿಂತ್ಹೋಯ್ತಾ?
ತಗೊಂಡ್ ಬನ್ನಿ, ______ಗೆ.
ಶಿವಮೊಗ್ಗದ ಗಾಂಧಿ ಬಜಾರು. ಒಳಗೆ ಬರ್ತಿದ್ದ ಹಾಗೇ ಎಡಗಡೆ, ______.
ಹಳೇ ಮಿಕ್ಸಿ ಕೊಟ್ಟರೆ, ನಾಲ್ಕು ಸಾವಿರದ ಹೊಸ ಮಿಕ್ಸಿ ಮೂರೇ ಸಾವಿರಕ್ಕೆ.
ಕೆಟ್ಟಿದ್ರೂ ಪರವಾಗಿಲ್ಲ, ತನ್ನಿ. ದೀಪಾವಳಿ ಮುಗಿಯೋವರೆಗೂ.
ಹಳೇ ಮಿಕ್ಸಿ, ಮೂರೇ ಸಾವಿರ, ______.

28 ಸೆಕೆಂಡ್. ಬೆಲೆ ಹೇಳಿದ ಮೇಲೆ ಹುಡುಗಿ ಒಂದು ಗಳಿಗೆ ಸುಮ್ಮನಾಗುತ್ತಾಳೆ. ಆ ಖಾಲಿ ಜಾಗ ತುಂಬಬೇಡಿ ಎಂದು ಹಿರಿಯರು ಸಂಗೀತ ಹಾಕುವವನಿಗೆ ಎರಡು ಸಲ ಹೇಳಿದರು. ಅಚ್ಚಿನಲ್ಲಿ ನಾವು ಸುತ್ತ ಬಿಡುವ ಬಿಳಿ ಜಾಗ ನೆನಪಾಯಿತು.

ಶನಿವಾರ

ಅದೇ ಅಡುಗೆಮನೆ, ಅದೇ ನಲ್ಲಿ. ಒಂದೇ ಸಲ ಹಾಕಿದೆ. ಮಿಕ್ಸಿ ಕಟಕಟ ಎಂದಾಗ ಅಕ್ಕ ತಮ್ಮ ಮಿಕ್ಸಿಯ ಕಡೆ ತಿರುಗಿ ನೋಡಿದರು. ಮುಗಿದ ಮೇಲೆ ನಾನು ಕೇಳುವ ಮೊದಲೇ ನಲ್ಲಿ ನಿಲ್ಲಿಸಿದರು.

"ಮೂರು ಸಾವಿರನಾ? ಬಜಾರಲ್ಲಿ ಎಡಗಡೆ ಅಂದ್ರೆ ಅವರದೇ ಅಲ್ವಾ?" ಎಂದು ಹೆಸರನ್ನೂ ಸರಿಯಾಗಿ ಹೇಳಿದರು. ಆಮೇಲೆ, "ನಮ್ಮನೇದು ಜಾರ್ ಒಡೆದು ಹೋಗಿದೆ ಕಣೇ. ಜಾರ್ ಇಲ್ಲದಿದ್ರೂ ತಗೋತಾರಾ?"

ಅದು ಕರಪತ್ರದಲ್ಲೂ ಇಲ್ಲ, ಸ್ಪಾಟಿನಲ್ಲೂ ಇಲ್ಲ. ಅಂಗಡಿಯವರಿಗೆ ಫೋನ್ ಮಾಡಿ, ಅಕ್ಕನ ಎದುರಿಗೇ ಕೇಳಿದೆ.

"ಮೋಟರ್ ತಂದ್ರೆ ಸಾಕು ಅನ್ನಿ."