ರವಿಯಣ್ಣನ ಬ್ರೋಷರ್ ಮತ್ತು ಎರಡನೇ ದಿನದ ತಲೆನೋವು

ಮೂಡಿಗೆರೆ ಹತ್ತಿರ ನಮ್ಮ ದೊಡ್ಡಮ್ಮನ ಮಗ ರವಿಯಣ್ಣನಿಗೆ ಸಣ್ಣದೊಂದು ಕಾಫಿ ತೋಟ, ಅದರೊಳಗೊಂದು ಹೋಂಸ್ಟೇ ಇದೆ. ವೀಕೆಂಡ್ ಗುಂಪುಗಳು ಬಿಟ್ಟುಹೋಗುವ ಬಾಟಲಿ ಹೆಕ್ಕಿ ಹೆಕ್ಕಿ ಸಾಕಾಗಿ, ಅದನ್ನು ಮೂರು ರಾತ್ರಿಯ ಯೋಗ ರಿಟ್ರೀಟ್ ಮಾಡ್ತೀನಿ ಅಂತ ಹೊರಟಿದ್ದಾನೆ. "ಬರೋರು ನಿಮ್ಮ ಐಟಿಯವರೇ ತಾನೇ ಮಾರಾಯ, ಬ್ರೋಷರ್ ನೀನೇ ಬರೆದುಕೊಡು" ಅಂದ.

ಒಂದೇ ಗಂಟೆಯಲ್ಲಿ ಬರೆದು ಕಳಿಸಿದೆ. "ನಿಮ್ಮ ಮನಸ್ಸನ್ನು ರೀಬೂಟ್ ಮಾಡಿ! 72 ಗಂಟೆಗಳಲ್ಲಿ ದೇಹದ ವಿಷವೆಲ್ಲ ಹೊರಗೆ! ಬಿಪಿ, ಶುಗರ್, ನಿದ್ದೆಗೇಡಿಗೆ ಶಾಶ್ವತ ವಿದಾಯ!" ಅಣ್ಣನಿಗೆ ಖುಷಿಯೋ ಖುಷಿ. ಆದರೆ ರಾತ್ರಿ ಮತ್ತೆ ಓದಿದಾಗ ಕೊನೆಯ ಸಾಲು ಎಲ್ಲೋ ಓದಿದ ಹಾಗಿದೆಯಲ್ಲ ಅನ್ನಿಸಿತು. ಓದಿದ್ದೆ. ನಂಬಿಯೂ ಇದ್ದೆ.

ಎರಡು ವರ್ಷದ ಹಿಂದೆ, 28ನೇ ವಯಸ್ಸಿಗೇ ನನಗೆ ಬಿಪಿ ಮಾತ್ರೆ ಶುರುವಾಗಿತ್ತು. ಒಂದು ರಿಲೀಸ್ ಮುಗಿದ ಮೇಲೆ ಸುಸ್ತಾಗಿ ಇಂಥದ್ದೇ ಒಂದು ರಿಟ್ರೀಟ್‌ಗೆ ಹೋದೆ. ಮಾತ್ರೆ ಬಿಡು ಅಂತ ಅಲ್ಲಿ ಯಾರೂ ಹೇಳಲಿಲ್ಲ, ಅದೂ ನಿಜ. ಆ ಕೆಲಸವನ್ನು ಬ್ರೋಷರ್ ಮೊದಲೇ ಮಾಡಿತ್ತು. ಅಲ್ಲಿ ಬಿಟ್ಟ ಮಾತ್ರೆಯನ್ನು ಮನೆಗೆ ಬಂದ ಮೇಲೂ ಮೂರು ವಾರ ಮುಟ್ಟಲಿಲ್ಲ. ಮೈ ಹಗುರವಾಗಿದೆಯಲ್ಲ, ಇನ್ನೇಕೆ? ಆಮೇಲೆ ಯಾವುದೋ ಜ್ವರಕ್ಕೆ ಕ್ಲಿನಿಕ್‌ಗೆ ಹೋದರೆ 170/110. "ಆರಾಮಾಗಿದ್ದೀನಿ ಅಂದ್ರೆ ಬಿಪಿ ಇಲ್ಲ ಅಂತಲ್ಲಪ್ಪ, ಇದು ಏನೂ ಅನ್ನಿಸದೇ ಇರೋ ಕಾಯಿಲೆ" ಅಂದರು ಡಾಕ್ಟರ್. ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.

ಅದೇ ರಿಟ್ರೀಟ್‌ನ ಎರಡನೇ ದಿನ ಕಣ್ಣು ಬಿಡಲಾಗದಷ್ಟು ತಲೆನೋವು. "ವಿಷ ಹೊರಗೆ ಹೋಗ್ತಾ ಇದೆ, ಒಳ್ಳೇದು" ಅಂದರು ಅಲ್ಲಿನ ಗುರುಗಳು. ನೋವಿನಲ್ಲೂ ನನಗೊಂದು ಹೆಮ್ಮೆ! ಆದರೆ ಲೆಕ್ಕ ಹಾಕಿ ನೋಡಿ: ಆಫೀಸಿನಲ್ಲಿ ದಿನಕ್ಕೆ ಐದು ಕಾಫಿ ಕುಡಿಯುತ್ತಿದ್ದವನಿಗೆ ಏಕಾಏಕಿ ತುಳಸಿ ನೀರು. ಕೆಫೀನ್ ಮೆದುಳಿನ ರಕ್ತನಾಳಗಳನ್ನು ಸ್ವಲ್ಪ ಬಿಗಿಯಾಗಿ ಇಟ್ಟಿರುತ್ತದೆ. ಥಟ್ಟನೆ ನಿಲ್ಲಿಸಿದರೆ ಅವು ಹಿಗ್ಗುತ್ತವೆ, ತಲೆ ಸಿಡಿಯುತ್ತದೆ. ಕೊನೆಯ ಲೋಟ ಕುಡಿದು 12ರಿಂದ 24 ಗಂಟೆಯಲ್ಲಿ ಶುರು, ಒಂದೆರಡು ದಿನದಲ್ಲಿ ಜೋರು, ಸಾಮಾನ್ಯವಾಗಿ ವಾರದೊಳಗೆ ಮಾಯ. ಮೂರು ದಿನದ ರಿಟ್ರೀಟ್‌ಗೆ ಹೇಳಿ ಮಾಡಿಸಿದ ಟೈಮಿಂಗ್. ವಾಪಸ್ ಬರುವಾಗ ಹೈವೇಯಲ್ಲಿ ಒಂದು ಲೋಟ ಫಿಲ್ಟರ್ ಕಾಫಿ ಕುಡಿದೆ, ಅರ್ಧ ಗಂಟೆಯಲ್ಲಿ ತಲೆನೋವು ಹೋಯಿತು. ಕಾಫಿ ಕುಡಿದರೆ ಹೋಗುವ ವಿಷ ಯಾವುದು ಸ್ವಾಮಿ? ಹೊರಹಾಕಬೇಕಾದ್ದನ್ನು ಲಿವರ್ ಮತ್ತು ಕಿಡ್ನಿ ದಿನಾ ಹಾಕುತ್ತಲೇ ಇರುತ್ತವೆ, ಬುಕಿಂಗ್ ಇಲ್ಲದೆ.

ಬೆಳಗ್ಗೆ ಅಣ್ಣನಿಗೆ ಫೋನ್ ಮಾಡಿ, ಎಲ್ಲ ಅಳಿಸು ಅಂದೆ. ಅವನಿಗೆ ರೇಗಿತು. "ಎಲ್ಲರೂ ಹಾಕ್ತಾರಪ್ಪ, ನಂಗೊಬ್ಬನಿಗೆ ಯಾಕೆ?" ನಮ್ಮ ಕಷಾಯದಿಂದ ಬಿಪಿ, ಶುಗರ್ ಗುಣ ಅಂತ ಜಾಹೀರಾತು ಹಾಕುವುದನ್ನು 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯೇ ತಡೆಯುತ್ತದೆ ಅಂದೆ. ಅದಕ್ಕೆ ಅವನು ಬಗ್ಗಲಿಲ್ಲ. ನನ್ನ 170/110 ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದ. "ಚಿಕ್ಕಮ್ಮನಿಗೆ ಗೊತ್ತಾ?" ಅಂತ ಕೇಳಿದ.

ಹಾಗಾದರೆ ಏನನ್ನು ಧೈರ್ಯವಾಗಿ ಬರೆಯಬಹುದು? ಉಸಿರಾಟದ ಬಗ್ಗೆ ಬರೆಯಬಹುದು. ನಾಲ್ಕು ಎಣಿಸುತ್ತಾ ಉಸಿರು ಒಳಗೆ, ಆರು ಎಣಿಸುತ್ತಾ ಹೊರಗೆ. ಎಣಿಕೆ ಒಂದೊಂದು ಸೆಕೆಂಡ್ ಆದರೆ ನಿಮಿಷಕ್ಕೆ ಆರೇ ಉಸಿರು. ಸುಮ್ಮನೆ ಕೂತವರದ್ದು 12ರಿಂದ 20 ಇರುತ್ತದೆ. ಉಸಿರು ಬಿಡುವಾಗ ಎದೆಬಡಿತ ತಾನಾಗಿ ನಿಧಾನವಾಗುತ್ತದೆ, ನಾಡಿ ಹಿಡಿದರೆ ಬೆರಳಿಗೇ ಗೊತ್ತಾಗುತ್ತದೆ. ಹತ್ತು ನಿಮಿಷ ಮಾಡಿದರೆ ನನಗಂತೂ ಆ ರಾತ್ರಿ ನಿದ್ದೆ ಬೇಗ ಬರುತ್ತದೆ. ಸೋಮವಾರದ ಮ್ಯಾನೇಜರ್ ಅದರಿಂದ ಬದಲಾಗಲ್ಲ. ಕಪಾಲಭಾತಿಯನ್ನು ಮಾತ್ರ ಟೈಮ್‌ಟೇಬಲ್‌ನಲ್ಲಿ ಐಚ್ಛಿಕ ಮಾಡಿಸಿದೆ. ಹೊಟ್ಟೆ ಒದ್ದು ಉಸಿರು ಬಿಡುವ ಆ ಕ್ರಿಯೆ ಬಿಪಿ ಇರುವವರಿಗೆ, ಗರ್ಭಿಣಿಯರಿಗೆ, ಹರ್ನಿಯಾ ಇರುವವರಿಗೆ ಅಲ್ಲ.

ಕೊನೆಗೆ ಪ್ರಿಂಟ್ ಆಗಿದ್ದು ಹೀಗೆ: "ಮೂರು ರಾತ್ರಿ, ಎಂಟೇ ಜನ. ಬೆಳಗ್ಗೆ ಆರಕ್ಕೆ ಆಸನ, ಸಂಜೆ ಉಸಿರಾಟ, ಒಂಬತ್ತಕ್ಕೆ ದೀಪ ಆಫ್. ನಿಮ್ಮ ಮಾತ್ರೆ ತಪ್ಪದೇ ತನ್ನಿ, ತಪ್ಪದೇ ತಗೊಳ್ಳಿ. ಸಿಗ್ನಲ್ ಗೇಟಿನ ಹತ್ತಿರ ಮಾತ್ರ, ಆದ್ದರಿಂದ ಆನ್‌ಕಾಲ್ ವಾರದಲ್ಲಿ ಬರಬೇಡಿ. ಮಳೆಗಾಲದಲ್ಲಿ ಜಿಗಣೆ ಇರುತ್ತವೆ. ಕಾಫಿ ಬಿಡಬೇಕೆಂದಿದ್ದರೆ ಒಂದು ವಾರ ಮೊದಲೇ ದಿನಕ್ಕೊಂದು ಲೋಟ ಕಡಿಮೆ ಮಾಡುತ್ತಾ ಬನ್ನಿ. ಬಿಡದವರಿಗೆ ಬೆಳಗ್ಗೆ ಒಂದು ಲೋಟ, ನಮ್ಮದೇ ತೋಟದ್ದು."

ಮೊದಲ ಫೋನ್ ಬಂದದ್ದು ವೈಟ್‌ಫೀಲ್ಡ್‌ನಿಂದ. ಆಸನದ ಬಗ್ಗೆ ಒಂದು ಮಾತೂ ಕೇಳಲಿಲ್ಲವಂತೆ. "ಸರ್, ಆ ಒಂದು ಲೋಟ ಎಷ್ಟು ದೊಡ್ಡದು?"