ಪೂರಿಗೊಂದು ಕಾವು, ಬಜಿಗೊಂದು ಕಾವು

ಅಕ್ಕಾರ, ತಂಗೇರ, ಈ ಸಲ ಎಣ್ಣಿ ಕಾವಿನ ಮಾತು ತಗೊಂಡೀನಿ. ನಮ್ಮ ಕುಮಾರಪಟ್ಟಣದಾಗ ಸಂಜಿ ಆತಂದ್ರ ಯಾರದರ ಮನ್ಯಾಗ ಒಲಿ ಮ್ಯಾಲೆ ಬಾಣಲಿ ಇದ್ದ ಇರ್ತೈತಿ. ಹೊಳಿ ದಾಟಿದ್ರ ಹರಿಹರ, ಈ ಕಡಿ ರಾಣೆಬೆನ್ನೂರು, ಎಲ್ಲಿ ಹೋದ್ರೂ ಮಂಡಕ್ಕಿ ಜೋಡಿ ಮಿರ್ಚಿ ಬೇಕ ಬೇಕು. ಆಯತ್ವಾರ ಮುಂಜಾನೆ ಪೂರಿ ಇರ್ತಾವು, ಉಳಿದ ಎಣ್ಣ್ಯಾಗ ಸಂಜಿಗೆ ಬಜಿ ಆಕ್ಕಾವು. ಎಣ್ಣಿ ಒಂದ, ಬಾಣಲಿ ಒಂದ, ಕರಿಯೋ ಕೈನೂ ಒಂದ. ಆದ್ರೂ ಒಂದಿನ ಪೂರಿ ಉಬ್ಬತಾವು, ಬಜಿ ಒಳಗ ಹಸೀ ಉಳೀತಾವು. ಇನ್ನೊಂದಿನ ಬಜಿ ಚಲೋ ಆಕ್ಕಾವು, ಪೂರಿ ಹಪ್ಪಳದಂಗ ಚಪ್ಪಟಿ ಆಕ್ಕಾವು. ಯಾಕಂದ್ರ ಎರಡಕ್ಕೂ ಬೇಕಾಗೋ ಕಾವು ಬ್ಯಾರೆ ಬ್ಯಾರೆ.

ಪೂರಿ ತೆಳ್ಳಗಿರ್ತೈತಿ. ಎಣ್ಣಿಗೆ ಬಿದ್ದ ಕೂಡಲೇ ಮ್ಯಾಲಿನ ಪದರ ಗಟ್ಟಿ ಆಗಬೇಕು, ಒಳಗಿನ ನೀರು ಹಬಿ ಆಗಿ ಆ ಪದರ ಎತ್ತಬೇಕು. ಇದೆಲ್ಲಾ ನಾಕೈದು ಎಣಿಸೋದ್ರಾಗ ಆಗಬೇಕು. ಕಾವು ಕಡಿಮಿ ಇದ್ರ ಹಬಿ ಸಾವಕಾಶ ಹುಟ್ಟತೈತಿ, ಸಂದಿ ಸಿಕ್ಕಲ್ಲಿ ಹೊರಗ ಹೋಗಿಬಿಡ್ತೈತಿ. ಪೂರಿ ಉಬ್ಬೋದಿಲ್ಲ, ಎಣ್ಣಿ ಮಾತ್ರ ಕುಡೀತೈತಿ. ಮಿರ್ಚಿ ಹಂಗಲ್ಲ, ದಪ್ಪ. ಮ್ಯಾಲೆ ಕಡ್ಲಿ ಹಿಟ್ಟಿನ ಕೋಟು, ಒಳಗ ಇಡೀ ಮೆಣಸಿನಕಾಯಿ. ಪೂರಿ ಕಾವಿನಾಗ ಅದನ್ನ ಬಿಟ್ರ ಎರಡು ನಿಮಿಷದಾಗ ಮ್ಯಾಲೆ ಕೆಂಪಗಾಗಿ ಆಸಿ ಹುಟ್ಟಸ್ತೈತಿ, ಮುರದ್ರ ಒಳಗ ಹಿಟ್ಟು ಇನ್ನೂ ಅಂಟಂಟು.

ಲೆಕ್ಕದಾಗ ಹೇಳೋದಾದ್ರ ಪೂರಿಗೆ 180ರಿಂದ 190 ಡಿಗ್ರಿ ಸೆಲ್ಸಿಯಸ್, ಮಿರ್ಚಿಗೆ 165ರಿಂದ 175 ಡಿಗ್ರಿ. ನಮ್ಮ ಮನ್ಯಾಗ ಡಿಗ್ರಿ ನೋಡೋ ಸಾಮಾನು ಅಂದ್ರ ಜ್ವರ ನೋಡೋ ಥರ್ಮಾಮೀಟರ್ ಒಂದ. ಅದು 42ಕ್ಕ ಮುಗೀತೈತಿ, ಅದನ್ನ ಎಣ್ಣಿ ಹತ್ರಾನೂ ಒಯ್ಯಬ್ಯಾಡ್ರಿ. ಒಂದು ಚೂರು ಹಿಟ್ಟಿದ್ರ ಸಾಕು.

ಎಲ್ಲಾರೂ ಒಂದು ಚೂರು ಹಿಟ್ಟು ಹಾಕಿ ನೋಡ್ತೀವಿ, ಮ್ಯಾಲೆ ಬಂತಂದ್ರ ಕಾದೈತಿ ಅಂತೀವಿ. ಆದ್ರ ಸಾಧಾರಣ ಕಾವಿದ್ರೂ ಹಿಟ್ಟು ಮ್ಯಾಲೆ ಬಂದ ಬರ್ತೈತಿ. ಹಿಟ್ಟು ಎಣ್ಣಿಗಿಂತ ಭಾರ, ಅದಕ್ಕ ಮೊದಲು ಮುಳುಗ್ತೈತಿ. ಒಳಗಿನ ನೀರು ಹಬಿ ಆದ್ಮ್ಯಾಲೆ ಹಗುರಾಗಿ ತೇಲ್ತೈತಿ. ಎಣ್ಣಿ ಎಷ್ಟು ಕಾದಿರ್ತೈತೋ ಅಷ್ಟು ಲಗೂನ ಹಬಿ ಹುಟ್ಟತೈತಿ. ಹಂಗಾಗಿ ನೋಡಬೇಕಾದ್ದು ಎಷ್ಟು ಆಳಕ್ಕ ಹೋತು, ಎಷ್ಟು ಎಣಿಸೋದ್ರಾಗ ಬಂತು ಅನ್ನೋದು.

ಬಾಣಲ್ಯಾಗ ಎಣ್ಣಿ ನಾಕು ಬೆರಳು ಆಳ ಇರ್ಲಿ. ಮೊದಲು ಬಜಿ ಹಿಟ್ಟಿಂದು ನೋಡೋಣ. ಬಳ್ಳ ತುದೀಲೆ ಒಂದು ಹನಿ ಬಿಡ್ರಿ. ತಳಕ್ಕ ಹೋಗಿ ಅಲ್ಲೇ ಕುಂತು, ಆಮ್ಯಾಲೆ ಆಲಸ್ಯಾಗಿ ಎದ್ದು ಬಂದ್ರ ಇನ್ನೂ 150ರ ಸುತ್ತ ಐತಿ, ತಡೀರಿ. ಅರ್ಧಕ್ಕ ಹೋಗಿ, ಒಂದು ಎರಡು ಅನ್ನೋದ್ರಾಗ ಗುಳ್ಳಿ ಬಿಟ್ಕೊಂತ ಮ್ಯಾಲೆ ಬಂದ್ರ ಮಿರ್ಚಿ ಬಿಡಾಕ ಅದ ಸರಿಯಾದ ಹೊತ್ತು. ಮುಳಗದನ ಮ್ಯಾಲೇ ಚದುರಿ, ನೋಡನೋಡತ ಕೆಂಪಗಾದ್ರ ಎಣ್ಣಿ 190 ದಾಟೈತಿ, ಒಲಿ ಸಣ್ಣ ಮಾಡ್ರಿ. ದೂರದ ಜಪಾನಿನಾಗ ತೆಂಪುರಾ ಅಂತ ಒಂದು ಥರದ ಬಜಿ ಮಾಡ್ತಾರ. ಅವರೂ ಹಿಂಗ ಹಿಟ್ಟಿನ ಹನಿ ಬಿಟ್ಟು, ಎಷ್ಟು ಆಳಕ್ಕ ಹೋತು ಅಂತ ನೋಡೇ ಕಾವು ತಿಳಕೊಂತಾರ.

ಪೂರಿಗೆ ಮಾತ್ರ ಬಜಿ ಹಿಟ್ಟಿನ ಪರೀಕ್ಷೆ ನಡಿಯೂದಿಲ್ಲ. ಬಜಿ ಹಿಟ್ಟು ನೀರಾಗಿರ್ತೈತಿ, ಚಿಟಿಕಿ ಸೋಡಾನೂ ಬಿದ್ದಿರ್ತೈತಿ, ಅದಕ್ಕ ಲಗೂ ತೇಲ್ತೈತಿ. ಪೂರಿ ಹಿಟ್ಟು ಗಟ್ಟಿ, ನೀರು ಕಡಿಮಿ. ಬಜಿ ಹಿಟ್ಟು ನೋಡಿ ಕಾದೈತಿ ಅಂತ ಪೂರಿ ಬಿಟ್ರ, ಪೂರಿಗೆ ಇನ್ನೂ ಕಾದಿರೂದಿಲ್ಲ. ಯಾವುದನ್ನ ಕರೀತೀರೋ ಅದರ ಹಿಟ್ಟಲೇ ನೋಡ್ರಿ. ಪೂರಿ ಹಿಟ್ಟಿಂದು ಕಡ್ಲಿ ಕಾಳಿನಷ್ಟು ಉಂಡಿ ಮಾಡಿ, ಬೆರಳಲೇ ಒತ್ತಿ ಚಪ್ಪಟಿ ಮಾಡಿ ಬಿಡ್ರಿ. ಒಂದು ಎರಡು ಅನ್ನೋದ್ರಾಗ ಎದ್ದು ಬಂದು, ಸುತ್ತ ಜೋರು ಗುಳ್ಳಿ ಬರಬೇಕು, ಆದ್ರ ಬಂದ ಕೂಡಲೇ ಕೆಂಪಗಾಗಬಾರದು. ಹೊಟ್ಟಿ ಉಬ್ಬಿ ನಿಂತ್ರಂತೂ ಮಾತ ಬ್ಯಾಡ, ಪೂರಿ ಬಿಡ್ರಿ. ಬಿಟ್ಟ ಪೂರಿ ಎದ್ದು ಬರೋ ಹೊತ್ತಿಗೆ ಜಾಲರಿ ಸೌಟಿಲೇ ಮೆಲ್ಲಕ ಒತ್ತಿ, ಮ್ಯಾಲೆ ಎಣ್ಣಿ ಹಾರಿಸಿದ್ರ ಉಬ್ಬತೈತಿ. ಆಮ್ಯಾಲೆ ಒಂದ ಸಲ ಹೊಳ್ಳಿಸಿ ತಗದುಬಿಡ್ರಿ.

ಹೊಗಿ ಬಂದ್ರ ಕಾದಂಗ ಅಂತ ಭಾಳ ಮಂದಿ ಹೇಳ್ತಾರ. ಅದು ಎಣ್ಣಿ ಮ್ಯಾಲೆ ಹೊಂದತೈತಿ. ಅಂಗಡ್ಯಾಗ ಸಿಗೋ ರಿಫೈನ್ಡ್ ಶೇಂಗಾ ಎಣ್ಣಿ 230 ಡಿಗ್ರಿ ಸುತ್ತ ಹೊಗಿ ಬಿಡ್ತೈತಿ. ಅಲ್ಲೀಮಟ ಕಾದ್ರ ಪೂರಿನೂ ಸುಡ್ತಾವು, ಎಣ್ಣೀನೂ ಕೆಡ್ತೈತಿ. ಗಾಣದಾಗ ತಗದ ಶೇಂಗಾ ಎಣ್ಣಿ 160ರ ಸುತ್ತಾನ ಹೊಗಿ ತೋರಸ್ತೈತಿ, ಪೂರಿಗೆ ಆಗಿನ್ನೂ ಕಾದಿರೂದ ಇಲ್ಲ. ನಮ್ಮ ಹಳೇ ಮಂದಿ ಕುಸುಬಿ ಎಣ್ಣಿ ಬಳಸ್ತಿದ್ರು, ಗಾಣದ ಕುಸುಬಿ ಎಣ್ಣಿ ಇದಕ್ಕೂ ಮೊದಲ ಹೊಗಿ ಬಿಡ್ತೈತಿ. ನಾಕು ಸಲ ಕರದ ಎಣ್ಣಿನೂ ಹಂಗ, ಲಗೂ ಹೊಗಿ, ಮ್ಯಾಲೆ ನೊರಿ. ನೊರಿ ಬಂದ್ರ ಹನಿ ಎಲ್ಲಿಮಟ ಹೋತು ಅನ್ನೋದ ಕಾಣೂದಿಲ್ಲ, ಆ ಎಣ್ಣಿ ಬಿಟ್ಟುಬಿಡ್ರಿ. ಇನ್ನ ಕೆಲವರು ನೀರು ಚಿಮುಕಿಸಿ ಚಟಚಟ ಅಂತೈತೇನ ನೋಡ್ತಾರ. ನೀರು 100 ಡಿಗ್ರಿಗೇ ಕುದೀತೈತಿ, ಅಂದ್ರ 120 ಇದ್ರೂ ಚಟಚಟ, 190 ಇದ್ರೂ ಚಟಚಟ. ಕಾವಂತೂ ತಿಳಿಯೂದಿಲ್ಲ, ಮಾರಿಗೆ ಎಣ್ಣಿ ಹಾರೋದೊಂದ ಖರೆ.

ಇನ್ನ ಬಿಡೋ ಲೆಕ್ಕ. ನನ್ನ ತಂಗಿ ಮಗಳು ರಾಣೆಬೆನ್ನೂರಾಗ ಇದಾಳ. ಗಂಡಂದು ದಿನಗೂಲಿ ಕೆಲಸ ನಿಂತಮ್ಯಾಲೆ ಸಂಜಿಗೆ ಮನಿ ಮುಂದ ಒಲಿ ಇಟ್ಕೊಂಡು ಮಿರ್ಚಿ ಮಾರಾಕ ಕುಂತ್ಲು. ದಿನಾ 120ರಷ್ಟು ಹೋಗ್ತಿದ್ವು. ಆದ್ರೂ "ದೊಡ್ಡವ್ವ, ಕೈಯಾಗ ಏನೂ ಉಳಿವಲ್ದು ಬೇ, ಎಣ್ಣೀಗೇ ಹೋಗ್ತೈತಿ" ಅಂತ ಅತ್ಲು. ಹೋಗಿ ಕುಂತು ನೋಡಿದೆ. ಹಿಟ್ಟು ಚಲೋ ಕಲಿಸಿದ್ಲು, ಸೋಡಾನೂ ಹೆಚ್ಚಿರ್ಲಿಲ್ಲ. ಮೆಣಸಿನಕಾಯಿನೂ ಬಜಿ ಮಾಡೋ ತಿಳಿಹಸರಿಂದ, ಖಾರ ಕಡಿಮಿದು. ಮೊದಲನೇ ಸಲ ಹನಿ ಬಿಟ್ಟು ನೋಡಿದ್ಲು, ಸರಿ ಇತ್ತು. ಆದ್ರ ಒಂದು ಲೀಟರ್ ಎಣ್ಣ್ಯಾಗ ಒಮ್ಮಿಗೇ ಹತ್ತು ಮಿರ್ಚಿ ಬಿಟ್ಲು. ತಣ್ಣಗಿನ ಹಿಟ್ಟು, ತಣ್ಣಗಿನ ಕಾಯಿ ಹತ್ತು ಬಿದ್ರ ಎಣ್ಣಿ ತಣ್ಣಗಾಗದ ಏನಾಗಬೇಕು? ಗುಳ್ಳಿ ಸಣ್ಣಗಾದ್ವು, ಬಣ್ಣ ಬರಾಕ ಎಂಟು ನಿಮಿಷ ಹಿಡೀತು. ಅವನ್ನ ತಗದ ಕೂಡಲೇ, ನೋಡದನ, ಮತ್ತ ಹತ್ತು ಬಿಟ್ಲು.

ಮರುದಿನ ಇಬ್ರೂ ಅಳದು ನೋಡಿದ್ವಿ. ಲೀಟರ್ ಎಣ್ಣಿ ಹಾಕಿ, 24 ಮಿರ್ಚಿ ಆಕಿ ಮಾಡೋ ಹಂಗ ಕರದು, ಆರಿದ್ಮ್ಯಾಲೆ ಸೋಸಿ ಅಳದ್ರ ಸುಮಾರು 250 ಮಿಲಿ ಕಡಿಮಿ ಆಗಿತ್ತು. ಮತ್ತ ಲೀಟರ್ ಮಾಡ್ಕೊಂಡು ಇನ್ನ 24 ಕರದ್ವಿ. ಈ ಸಲ ಐದೈದ ಬಿಟ್ವಿ. ಪ್ರತಿ ಸಲ ತಗದ್ಮ್ಯಾಲೆ ಒಂದು ನಿಮಿಷ ತಡದು, ಹನಿ ಬಿಟ್ಟು, ಅರ್ಧಕ್ಕ ಹೋಗಿ ಬಂತಂದ್ಮ್ಯಾಲೇ ಮುಂದಿಂದು. ಅಳದ್ರ 150 ಮಿಲಿ ಕಡಿಮಿ ಆಗಿತ್ತು. 24ಕ್ಕ 100 ಮಿಲಿ ಉಳೀತಂದ್ರ 120ಕ್ಕ ಅರ್ಧ ಲೀಟರ್. ದಿನಾ ಅರ್ಧ ಲೀಟರ್ ಎಣ್ಣಿ ಅಂದ್ರ ಆಕಿಗೆ ಅದ ಸಂಬಳ. "ಐದೈದ ಬಿಟ್ರ ತಡ ಆಗೂದಿಲ್ಲೇನ ದೊಡ್ಡವ್ವ, ಗಿರಾಕಿ ನಿಂತಿರ್ತಾರ" ಅಂದ್ಲು. ಹತ್ತತ್ತು ಬಿಟ್ರ ಮೂರು ಸಲ, ಎಂಟೆಂಟು ನಿಮಿಷ, 24 ನಿಮಿಷ. ಐದೈದು ಬಿಟ್ರ ಐದು ಸಲ, ಕರಿಯಾಕ ನಾಕು, ತಡಿಯಾಕ ಒಂದು, 25 ನಿಮಿಷ. ಒಂದು ನಿಮಿಷದ ಫರಕು. ಅದನ್ನ ಕೇಳಿದ್ಮ್ಯಾಲೆ ಸುಮ್ಮಕಾದ್ಲು.

ಒಂದ ಎಣ್ಣ್ಯಾಗ ಎರಡೂ ಮಾಡೋದಿದ್ರ ಪೂರಿ ಮೊದಲು ಮಾಡ್ರಿ. ಬಜಿ ಮೊದಲು ಮಾಡಿದ್ರ ಹಿಟ್ಟಿನ ಚೂರು ತಳಕ್ಕ ಕುಂತು ಕರ್ರಗಾಗಿ ಪೂರಿಗೆ ಹತ್ತತಾವು. ಪೂರಿ ಲಟ್ಟಿಸುವಾಗನೂ ಒಣ ಹಿಟ್ಟು ಹಚ್ಚಬ್ಯಾಡ್ರಿ, ಒಂದು ಹನಿ ಎಣ್ಣಿ ಹಚ್ಚಿ ಲಟ್ಟಿಸ್ರಿ, ಇಲ್ಲಂದ್ರ ಆ ಹಿಟ್ಟೂ ತಳದಾಗ ಸುಡ್ತೈತಿ. ಪೂರಿ ಮುಗದ ಕೂಡಲೇ ಒಲಿ ಆರಿಸಿಬಿಡ್ರಿ. ದಪ್ಪ ಕಬ್ಬಣದ ಬಾಣಲಿ ಇದ್ರ ಕಾವು ಲಗೂ ಇಳಿಯೂದಿಲ್ಲ, ತೆಳ್ಳನ್ನ ಅಲ್ಯುಮಿನಿಯಂದು ಲಗೂ ಇಳೀತೈತಿ. ಹಂಗಾಗಿ ಇಷ್ಟ ನಿಮಿಷ ಅಂತ ಹೇಳಾಕ ಬರೂದಿಲ್ಲ, ಹನಿ ಬಿಟ್ಟೇ ನೋಡಬೇಕು. ಅರ್ಧಕ್ಕ ಹೋಗಿ ಬಂದಾಗ ಸಣ್ಣ ಉರಿ ಹಚ್ಚಿ ಬಜಿ ಶುರು ಮಾಡ್ರಿ.

ಒಳಗ ಬೆಂದೈತೋ ಇಲ್ಲೋ ಅನ್ನೋದಕ್ಕ ನಮ್ಮ ಅತ್ತಿಯಾರದು ಬ್ಯಾರೆನ ಲೆಕ್ಕ. ಅವರಿಗೆ ಈಗ ಕಣ್ಣು ಸರಿ ಕಾಣೂದಿಲ್ಲ, ಪಡಸಾಲ್ಯಾಗ ಕುಂತು ಕಿವೀಲೇ ನೋಡ್ತಾರ. ಬಜಿ ಬಿಟ್ಟಾಗ ಸೊರ್ರಂತ ದೊಡ್ಡ ಸಪ್ಪಳ ಬರ್ತೈತಿ, ಅದು ಹಿಟ್ಟಿನ ನೀರು ಹಬಿ ಆಗಿ ಹೊರಗ ಬರೋ ಸಪ್ಪಳ. ನೀರು ಕಡಿಮಿ ಆದಂಗ ಸಪ್ಪಳ ಇಳಕೊಂತ ಬರ್ತೈತಿ, ಗುಳ್ಳಿನೂ ಸಣ್ಣ ಆಕ್ಕಾವು. ನಡಮನ್ಯಾಗ ಮಾತಾಡೋದು ಒಲಿ ಮುಂದಿದ್ದವರಿಗೆ ಕೇಳಿಸೋವಷ್ಟು ಸಪ್ಪಳ ಇಳದ್ರ ತಗೀರಿ ಅಂತಾರ ಅವರು. ಬಣ್ಣ ಬಂದೂ ಸಪ್ಪಳ ಜೋರಿದ್ರ ಒಳಗ ಇನ್ನೂ ಹಸೀ ಐತಿ, ಉರಿ ಸಣ್ಣ ಮಾಡಿ ಇನ್ನೊಂದು ನಿಮಿಷ ಬಿಡ್ರಿ. ಮೊದಲ ಸಪ್ಪಳನ ಇರ್ಲಿಲ್ಲಂದ್ರ ಎಣ್ಣಿ ಕಾದಿಲ್ಲ, ಇದ್ದದ್ದು ತಗದು ಉರಿ ಜೋರು ಮಾಡ್ರಿ. ಒಂದು ಮಿರ್ಚಿ ಮುರದು ಒಳಗ ನೋಡ್ರಿ, ಹಿಟ್ಟು ಹತ್ತಿಯಂಗ ಮೆತ್ತಗಿದ್ದು ಬೆರಳಿಗೆ ಅಂಟಲಿಲ್ಲಂದ್ರ ಉಳಿದವಕ್ಕೂ ಅದ ಕಾವು, ಅದ ಹೊತ್ತು.